ರೆಪೊ ದರ ಇಳಿಯಿತು, ನನ್ನ ಡೆಟ್ ಫಂಡೂ ಇಳಿಯಿತು. ಯಾಕೆ?

ಹೆಗಡೆ, ಶಿರಸಿ: 2025ರ ಜನವರಿಯಲ್ಲಿ ಚಾಲಿ ಅಡಿಕೆ ಮಾರಿದ ದುಡ್ಡಲ್ಲಿ 5 ಲಕ್ಷ, ಉದ್ದ ಅವಧಿಯ ಬಾಂಡು ಕೊಳ್ಳುವ ಒಂದು ಲಾಂಗ್ ಡ್ಯುರೇಷನ್ ಫಂಡಿಗೆ ಹಾಕಿದ್ದೆ. ಬಡ್ಡಿ ಇಳಿದರೆ ಹಳೇ ಬಾಂಡಿನ ಬೆಲೆ ಏರ್ತದೆ ಅಂದಿದ್ರು. ಮೇ ಕೊನೆಗೆ 5.24 ಲಕ್ಷ ಆಗಿತ್ತು. ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಒಂದೇ ಸಲಕ್ಕೆ ಅರ್ಧ ಪರ್ಸೆಂಟ್ ಇಳಿಸ್ತು. ಆಗಸ್ಟ್ ಕೊನೆಗೆ ನೋಡಿದ್ರೆ 5.08 ಲಕ್ಷ! ಬೆಲೆ ಏರೋದು ಯಾಕೆ, ನಂದು ಇಳಿದಿದ್ದು ಯಾಕೆ, ಯಾರಾದ್ರೂ ತಿಳಿದವರು ಹೇಳಿ. ಈ ದುಡ್ಡು ಇನ್ನೆರಡು ವರ್ಷಕ್ಕೆ ಮನೆ ಮಾಡು ರಿಪೇರಿಗೆ ಬೇಕು.

ನಾಯ್ಕ, ಅಂಕೋಲಾ: ಹೆಗಡೆಯವರೇ, ಗಾಬರಿ ಬೇಡ. ಬಾಂಡನ್ನು ಅವಧಿ ಮುಗಿಯುವ ತನಕ ಇಟ್ಕೊಂಡ್ರೆ ನಷ್ಟ ಅನ್ನೋದೇ ಇಲ್ಲ, ಸರ್ಕಾರ ಪೂರ್ತಿ ದುಡ್ಡು ಕೊಡ್ತದೆ. ಫಂಡೂ ಅಷ್ಟೇ. ಸುಮ್ಮನೆ ಕೂತಿರಿ, ಇನ್ನೊಂದು ಸಲ ರೆಪೊ ಇಳಿದರೆ ವಾಪಸ್ ಬರ್ತದೆ.

ಕಾಮತ್, ಕುಮಟಾ (ಹೂಡಿಕೆ ಸಲಹೆಗಾರರು): ನಾಯ್ಕರು ಹೇಳಿದ ಮೊದಲ ಮಾತು ಬಾಂಡಿನ ಮಟ್ಟಿಗೆ ಸರಿ, ಫಂಡಿಗೆ ಅನ್ವಯಿಸೋದಿಲ್ಲ. ಅದಕ್ಕೆ ಆಮೇಲೆ ಬರ್ತೇನೆ. ಮೊದಲು ಒಂದೇ ಬಾಂಡ್ ಹಿಡಿದು ಲೆಕ್ಕ ಮಾಡುವ.

ಮುಖಬೆಲೆ 100 ರೂಪಾಯಿ, ವರ್ಷಕ್ಕೆ 7 ರೂಪಾಯಿ ಬಡ್ಡಿ, ಅವಧಿ ಮುಗಿಯಲು ಇನ್ನೊಂದೇ ವರ್ಷ ಇರುವ ಸರ್ಕಾರಿ ಬಾಂಡ್ ಅಂದ್ಕೊಳ್ಳಿ. ವರ್ಷ ಕಳೆದ ಮೇಲೆ ಅದರಿಂದ ಬರೋದು 107 ರೂಪಾಯಿ. ದೇಶದಲ್ಲಿ ಬಡ್ಡಿ ಏನೇ ಆಗಲಿ, ಆ 107 ಬದಲಾಗೋದಿಲ್ಲ. ಈಗ ಪೇಟೆಯಲ್ಲಿ ಹೊಸ ಬಾಂಡುಗಳು 6 ಪರ್ಸೆಂಟಿಗೆ ಬರ್ತಿವೆ. ಆಗ ಕೊಳ್ಳುವವನು ಕೇಳೋದು ಒಂದೇ ಪ್ರಶ್ನೆ: ಇವತ್ತು ಎಷ್ಟು ಕೊಟ್ಟರೆ ವರ್ಷಕ್ಕೆ 107 ಬಂದಾಗ ನನಗೆ 6 ಪರ್ಸೆಂಟ್ ಬಿದ್ದ ಹಾಗೆ ಆಗ್ತದೆ? 107 ÷ 1.06, ಅಂದ್ರೆ 100.94. ಹಳೇ ಬಾಂಡ್ ಕೈಲಿರುವವನು ಅದಕ್ಕಿಂತ ಕಡಿಮೆಗೆ ಕೊಡೋದಿಲ್ಲ, ಕೊಳ್ಳುವವನು ಅದಕ್ಕಿಂತ ಹೆಚ್ಚು ಕೊಡೋದಿಲ್ಲ. ಬರುವ ದುಡ್ಡು ಗಟ್ಟಿಯಾಗಿ ನಿಂತಿರುವಾಗ ದರ ಬದಲಾದರೆ, ಹೊಂದಿಕೊಳ್ಳಬೇಕಾದ್ದು ಬೆಲೆಯೇ. ಬೇರೆ ದಾರಿ ಇಲ್ಲ.

ಇದೇ 7 ರೂಪಾಯಿಯ ಬಾಂಡಿಗೆ ಇನ್ನು 10 ವರ್ಷ ಬಾಕಿ ಇದ್ದರೆ, ಪ್ರತಿ ವರ್ಷವೂ ಹೊಸ ಬಾಂಡಿಗಿಂತ 1 ರೂಪಾಯಿ ಹೆಚ್ಚು ಸಿಗ್ತದೆ, ಹತ್ತು ವರ್ಷ. ಆ ಹತ್ತು ರೂಪಾಯಿಯನ್ನು ಇವತ್ತಿನ ಲೆಕ್ಕಕ್ಕೆ ಇಳಿಸಿದರೆ 7.36, ಹಾಗಾಗಿ ಬೆಲೆ 107.36. 30 ವರ್ಷ ಬಾಕಿ ಇದ್ದರೆ 113.76. ದರ 6ರ ಬದಲು 8ಕ್ಕೆ ಏರಿದರೆ ಅದೇ 10 ವರ್ಷದ ಬಾಂಡ್ 93.29ಕ್ಕೆ ಇಳೀತದೆ. (ನಮ್ಮ ಸರ್ಕಾರಿ ಬಾಂಡುಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡ್ತವೆ. ಲೆಕ್ಕ ಸುಲಭ ಆಗಲಿ ಅಂತ ವರ್ಷಕ್ಕೊಮ್ಮೆ ಹಿಡಿದಿದ್ದೇನೆ, ಪೈಸೆ ಲೆಕ್ಕದ ವ್ಯತ್ಯಾಸ ಬರ್ತದೆ.)

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ 7.36 ಎಲ್ಲಿಂದಲೋ ಬಂದ ಹೊಸ ಲಾಭ ಅಲ್ಲ. ಮುಂದಿನ ಹತ್ತು ವರ್ಷ ಸ್ವಲ್ಪ ಸ್ವಲ್ಪವಾಗಿ ಬರಬೇಕಿದ್ದ ಹೆಚ್ಚುವರಿ ಬಡ್ಡಿ ಇವತ್ತೇ ಬೆಲೆಯಲ್ಲಿ ಕಾಣಿಸಿಕೊಂಡಿದೆ. ಅಲ್ಲಿಂದ ಮುಂದೆ ಆ ಬಾಂಡ್ ದುಡಿಯೋದು 6 ಪರ್ಸೆಂಟ್ ಮಾತ್ರ, ಮತ್ತು ಅವಧಿ ಮುಗಿಯುವ ದಿನ ಬೆಲೆ 100ಕ್ಕೇ ಬಂದು ನಿಲ್ತದೆ. ಕಳೆದ ವರ್ಷ 10 ಪರ್ಸೆಂಟ್ ಕೊಟ್ಟ ಫಂಡ್ ಅಂತ ಈಗ ಕೊಳ್ಳುವವರು ಮರೆಯೋದು ಇದನ್ನೇ.

ಗಾಂವ್ಕರ್, ಕಾರವಾರ: ಮೇಡಂ, ಹಾಗಾದ್ರೆ ನನ್ನತ್ರ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ ಇದೆ, 8.05 ಪರ್ಸೆಂಟಿಂದು. ಅದರ ಬೆಲೆನೂ ಏರಿರಬೇಕಲ್ಲ? ಎಲ್ಲಿ ನೋಡ್ಬೇಕು?

ಕಾಮತ್, ಕುಮಟಾ: ಅದಕ್ಕೆ ಬೆಲೆಯೇ ಇಲ್ಲ ಗಾಂವ್ಕರರೇ. ಅದನ್ನ ಬೇರೆಯವರಿಗೆ ಮಾರೋ ಹಾಗಿಲ್ಲ, ಏಳು ವರ್ಷ ಇಟ್ಕೊಳ್ಳಬೇಕು. ಮೇಲಾಗಿ ಅದರ ಬಡ್ಡಿ ಸ್ಥಿರ ಅಲ್ಲ. ಅಂಚೆ ಕಚೇರಿಯ ಉಳಿತಾಯ ಪತ್ರ ಎನ್‌ಎಸ್‌ಸಿ ದರಕ್ಕೆ 0.35 ಸೇರಿಸಿ ಜನವರಿ 1 ಮತ್ತು ಜುಲೈ 1ಕ್ಕೆ ಹೊಸದಾಗಿ ನಿಗದಿ ಮಾಡ್ತಾರೆ. ಎನ್‌ಎಸ್‌ಸಿ 7.7 ಇರುವಷ್ಟು ದಿನ ನಿಮಗೆ 8.05, ಅದು ಇಳಿದರೆ ನಿಮ್ಮದೂ ಇಳೀತದೆ. ಬ್ಯಾಂಕ್ ಠೇವಣಿಯ ವಿಷಯ ಬೇರೆ. ಹಳೇ ಹೆಚ್ಚಿನ ದರದ ಠೇವಣಿಯ ಮೌಲ್ಯ ನಿಜವಾಗಿ ಏರಿರ್ತದೆ, ಆದರೆ ಆ ರಸೀದಿ ಕೊಳ್ಳುವ ಪೇಟೆ ಇಲ್ಲದ್ದರಿಂದ ಅದು ಎಲ್ಲೂ ಕಾಣೋದಿಲ್ಲ. ಫಂಡಿನಲ್ಲಿ ದಿನಾ ಕಾಣ್ತದೆ, ಯಾಕಂದ್ರೆ ಅದರ ಬಾಂಡುಗಳನ್ನು ದಿನಾ ಆವತ್ತಿನ ಪೇಟೆ ದರಕ್ಕೆ ಲೆಕ್ಕ ಹಾಕಿ ಫಂಡಿನ ಒಂದು ಯೂನಿಟ್ಟಿನ ಬೆಲೆ, ಅಂದ್ರೆ ಎನ್‌ಎವಿ ತೆಗೀತಾರೆ.

ಹೆಗಡೆಯವರೇ, ನಿಮ್ಮ ಫಂಡಿನ ಮೇ ಮತ್ತು ಆಗಸ್ಟ್ ತಿಂಗಳ ಫ್ಯಾಕ್ಟ್‌ಶೀಟ್ ತೆಗೆದು ಎರಡು ಅಂಕಿ ಹೇಳಿ: ವೈಟಿಎಂ, ಅಂದ್ರೆ ಫಂಡಿನ ಬಾಂಡುಗಳು ಆವತ್ತಿನ ಬೆಲೆಗೆ ವರ್ಷಕ್ಕೆ ಕೊಡುವ ಪೇಟೆ ದರ, ಮತ್ತು ಮಾಡಿಫೈಡ್ ಡ್ಯುರೇಷನ್. ಆವರೇಜ್ ಮೆಚ್ಯುರಿಟಿ ಅಂತ ಪಕ್ಕದಲ್ಲೇ ಇನ್ನೊಂದು ಇರ್ತದೆ, ಅದು ಬೇಡ.

ಹೆಗಡೆ, ಶಿರಸಿ: ವೈಟಿಎಂ ಮೇನಲ್ಲಿ 6.82, ಆಗಸ್ಟ್‌ನಲ್ಲಿ 7.25. ಮಾಡಿಫೈಡ್ ಡ್ಯುರೇಷನ್ ಎರಡರಲ್ಲೂ 11ರ ಹತ್ತಿರ.

ಕಾಮತ್, ಕುಮಟಾ: ಉತ್ತರ ಅದರಲ್ಲೇ ಇದೆ. ಡ್ಯುರೇಷನ್ 11 ಅಂದ್ರೆ, ನಿಮ್ಮ ಫಂಡಿನ ಬಾಂಡುಗಳ ಪೇಟೆ ದರ 1 ಪರ್ಸೆಂಟ್ ಬದಲಾದರೆ ಬೆಲೆ ಸುಮಾರು 11 ಪರ್ಸೆಂಟ್ ಎದುರು ದಿಕ್ಕಿಗೆ ಹೋಗ್ತದೆ. ದರ 0.43 ಏರಿದೆ. 11 × 0.43, ಸುಮಾರು 4.7 ಪರ್ಸೆಂಟ್ ಬೆಲೆ ಇಳಿದಿದೆ. ಮೂರು ತಿಂಗಳ ಬಡ್ಡಿ ಸುಮಾರು 1.7 ಪರ್ಸೆಂಟ್ ಜಮಾ ಆಗಿದೆ. ಕಳೆದರೆ 3 ಪರ್ಸೆಂಟ್ ನಷ್ಟ. 5.24 ಲಕ್ಷಕ್ಕೆ 3 ಪರ್ಸೆಂಟ್ ಅಂದ್ರೆ 15,700 ರೂಪಾಯಿ, ನೀವು ಹೇಳಿದ ಅಂಕಿಯೂ ಅಷ್ಟೇ ಬರ್ತದೆ. ಫಂಡಿನಲ್ಲಿ ಮೋಸ ಆಗಿಲ್ಲ, ಯಾರೂ ಸಾಲ ಮುಳುಗಿಸಿಲ್ಲ.

ರೆಪೊ ಇಳಿದಾಗ ಈ ದರ ಏರಿದ್ದು ಯಾಕೆ ಅನ್ನೋದು ಉಳೀತು. ರೆಪೊ ಅನ್ನೋದು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಕೆಲವೇ ದಿನದ ಮಟ್ಟಿಗೆ ತರುವ ಸಾಲದ ದರ. 10, 30 ವರ್ಷದ ಬಾಂಡಿನ ದರವನ್ನು ರಿಸರ್ವ್ ಬ್ಯಾಂಕು ಘೋಷಿಸೋದಿಲ್ಲ, ಅದು ಪೇಟೆಯಲ್ಲಿ ನಿರ್ಧಾರ ಆಗ್ತದೆ. ಮುಂದೆ ರೆಪೊ ಎಲ್ಲಿಗೆ ಹೋಗಬಹುದು, ಹಣದುಬ್ಬರ ಹೇಗಿರಬಹುದು, ಸರ್ಕಾರ ಎಷ್ಟು ಸಾಲ ಎತ್ತಬಹುದು, ಇದೆಲ್ಲ ಅದರೊಳಗೆ ಇವತ್ತೇ ಸೇರಿರ್ತದೆ. 2025ರ ಫೆಬ್ರುವರಿಯಲ್ಲಿ ಕಾಲು, ಏಪ್ರಿಲ್‌ನಲ್ಲಿ ಕಾಲು ಪರ್ಸೆಂಟ್ ಇಳಿದು ರೆಪೊ 6.50ರಿಂದ 6ಕ್ಕೆ ಬಂತು. ಇನ್ನೂ ಇಳೀತದೆ ಅಂತ ಪೇಟೆ ಮೊದಲೇ ಕೊಂಡು ಕೂತಿತ್ತು, ನಿಮ್ಮ 24 ಸಾವಿರದಲ್ಲಿ ಬಡ್ಡಿ ಬಿಟ್ಟು ಉಳಿದದ್ದು ಆ ನಿರೀಕ್ಷೆಯಿಂದ ಬಂದದ್ದು. ಜೂನ್ 6ಕ್ಕೆ 5.50ಕ್ಕೆ ಇಳಿಸಿದ ದಿನವೇ ರಿಸರ್ವ್ ಬ್ಯಾಂಕು ತನ್ನ ನಿಲುವನ್ನು 'ಅಕಾಮೊಡೇಟಿವ್'ನಿಂದ 'ನ್ಯೂಟ್ರಲ್'ಗೆ ಬದಲಿಸಿತು. ಇನ್ನು ಮುಂದೆ ಇಳಿಸಲು ಹೆಚ್ಚು ಜಾಗ ಇಲ್ಲ ಅಂತ ಪೇಟೆ ಅದನ್ನು ಓದಿಕೊಂಡಿತು. 10 ವರ್ಷದ ದರ ಮೇ ಕೊನೆಯಲ್ಲಿ 6.3ರ ಒಳಗಿತ್ತು, ಆಗಸ್ಟ್ ಕೊನೆಗೆ 6.5 ದಾಟಿತ್ತು. ಬೆಲೆ ನಡೆಯೋದು ಬಂದ ಸುದ್ದಿಯಿಂದ ಅಲ್ಲ, ನಿರೀಕ್ಷೆಗೂ ಸುದ್ದಿಗೂ ಇರುವ ವ್ಯತ್ಯಾಸದಿಂದ.

ನಾಯ್ಕ, ಅಂಕೋಲಾ: ಒಪ್ಪಿದೆ. ಆದ್ರೆ ಫಂಡಿನ ಒಳಗಿರೋದೂ ಸರ್ಕಾರಿ ಬಾಂಡೇ ಅಲ್ವಾ? ಅವೆಲ್ಲ ಒಂದಿನ 100ಕ್ಕೆ ಬರಲೇಬೇಕಲ್ಲ?

ಕಾಮತ್, ಕುಮಟಾ: ಬರ್ತವೆ, ಆದರೆ ಈ ಫಂಡಿನ ಕೈಯಲ್ಲಿ ಇರುವಾಗ ಅಲ್ಲ. ಲಾಂಗ್ ಡ್ಯುರೇಷನ್ ಫಂಡ್ ಸೆಬಿ ನಿಯಮದ ಪ್ರಕಾರ ಯಾವಾಗಲೂ 7 ವರ್ಷಕ್ಕಿಂತ ಹೆಚ್ಚಿನ ಮೆಕಾಲೆ ಡ್ಯುರೇಷನ್, ಅಂದ್ರೆ ಬಾಂಡುಗಳ ದುಡ್ಡು ವಾಪಸ್ ಬರಲು ಹಿಡಿಯುವ ಸರಾಸರಿ ಕಾಲ, ಇಟ್ಕೊಂಡಿರಬೇಕು. ಬಾಂಡಿನ ಅವಧಿ ಕರಗ್ತಾ ಬಂದ ಹಾಗೆ ಅದನ್ನು ಮಾರಿ ಮತ್ತೆ ಉದ್ದದ ಬಾಂಡ್ ತಗೊಳ್ತಾರೆ. ಹೆಗಡೆಯವರ ಫಂಡಿನಲ್ಲಿ ಮೇಯಲ್ಲೂ 11, ಆಗಸ್ಟಲ್ಲೂ 11 ಇದ್ದದ್ದು ನೋಡಿದಿರಲ್ಲ? ನೀವು ಹೇಳಿದ ಲಕ್ಷಣ ಇರೋದು ಟಾರ್ಗೆಟ್ ಮೆಚ್ಯುರಿಟಿ ಫಂಡಿಗೆ. ಹೆಸರಲ್ಲೇ ವರ್ಷ ಇರ್ತದೆ, ಆ ವರ್ಷಕ್ಕೆ ಬಾಂಡುಗಳೆಲ್ಲ ಮುಗಿದು ದುಡ್ಡು ಕೈಗೆ ಬರ್ತದೆ, ಡ್ಯುರೇಷನ್ ವರ್ಷ ವರ್ಷ ಇಳೀತಾ ಹೋಗ್ತದೆ.

ಕಾದರೆ ಹೆಗಡೆಯವರ ನಷ್ಟ ತುಂಬೋದಿಲ್ಲ ಅಂತ ನಾನು ಹೇಳ್ತಿಲ್ಲ. 6.82ರ ಬದಲು ಈಗ ಅವರ ದುಡ್ಡು 7.25ರಲ್ಲಿ ದುಡೀತಿದೆ. ಆದರೆ ವರ್ಷಕ್ಕೆ 0.43ರ ಹಾಗೆ 4.7 ತುಂಬಬೇಕಾದ್ರೆ ಸುಮಾರು 11 ವರ್ಷ ಬೇಕು. ಡ್ಯುರೇಷನ್ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ವರ್ಷ. ಹಾಗಾಗಿ 11 ವರ್ಷ ಮುಟ್ಟದ ದುಡ್ಡಿಗೆ ಈ ಏರಿಳಿತ ದೊಡ್ಡ ವಿಷಯವೇ ಅಲ್ಲ. ಎರಡು ವರ್ಷಕ್ಕೆ ಬೇಕಾದ ದುಡ್ಡಿಗೆ ದೊಡ್ಡ ವಿಷಯ. ದರ ಇನ್ನೊಂದು 0.65 ಏರಿದರೆ ಒಂದು ವರ್ಷದ ಪೂರ್ತಿ ಬಡ್ಡಿ ತೊಳೆದು ಹೋಗ್ತದೆ. ಡ್ಯುರೇಷನ್ 1.5 ಇರುವ ಫಂಡಿನಲ್ಲಿ ಅದೇ ಏರಿಕೆಗೆ ಹೋಗೋದು 1 ಪರ್ಸೆಂಟ್ ಮಾತ್ರ, ಉಳಿದ ಬಡ್ಡಿ ಕೈಯಲ್ಲೇ ಇರ್ತದೆ.

ಮಾಡು ರಿಪೇರಿಯ ದುಡ್ಡು ಇಲ್ಲಿರಬಾರದು ಅನ್ನೋದು ನನ್ನ ಅಭಿಪ್ರಾಯ. ಶಾರ್ಟ್ ಡ್ಯುರೇಷನ್ ಫಂಡ್ ಅಥವಾ 2027ಕ್ಕೆ ಮುಗಿಯುವ ಟಾರ್ಗೆಟ್ ಮೆಚ್ಯುರಿಟಿ ಫಂಡ್ ನೋಡಿ.

ನಾಯ್ಕ, ಅಂಕೋಲಾ: ಇಳಿದಾಗಲೇ ಮಾರೋದು ನನಗೆ ಸರಿ ಕಾಣೋದಿಲ್ಲ ಮೇಡಂ. ಹಣದುಬ್ಬರ ಇಷ್ಟು ಕಡಿಮೆ ಇದೆ, ರಿಸರ್ವ್ ಬ್ಯಾಂಕು ಇನ್ನೊಮ್ಮೆ ಇಳಿಸೇ ಇಳಿಸ್ತದೆ.

ಕಾಮತ್, ಕುಮಟಾ: ಇಳಿಸಬಹುದು. ಆದರೆ ಜೂನ್‌ನಲ್ಲಿ ಇಳಿಸಿದಾಗ ಏನಾಯ್ತು ಅಂತ ಈಗಷ್ಟೇ ನೋಡಿದೆವು. ನೀವು ಊಹಿಸಬೇಕಾದ್ದು ರೆಪೊ ಅಲ್ಲ, 30 ವರ್ಷದ ಬಾಂಡಿನ ದರ. ಅದನ್ನು ಊಹಿಸಿ ರಿಪೇರಿ ದುಡ್ಡು ಇಡಿ ಅಂತ ನಾನು ಹೇಳಲಾರೆ.

ನಾಯ್ಕ, ಅಂಕೋಲಾ: ನಾನಾದ್ರೆ ಡಿಸೆಂಬರ್ ತನಕ ಕಾಯ್ತೆ. ಅವರವರ ಧೈರ್ಯ.

ಹೆಗಡೆ, ಶಿರಸಿ: ಬೇರೆ ಫಂಡಿಗೆ ಬದಲಾಯಿಸಿದ್ರೆ ತೆರಿಗೆ ಬೀಳ್ತದಾ?

ಕಾಮತ್, ಕುಮಟಾ: ಸ್ವಿಚ್ ಅಂದ್ರೂ ಅದು ಮಾರಾಟವೇ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡಿನ ಲಾಭ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆ. ಲಾಭ ಈಗ 8,000 ಮಾತ್ರ ಇರೋದ್ರಿಂದ ಹೊರೆ ಕಡಿಮೆ, ಮೇ ತಿಂಗಳಲ್ಲಿ ಬದಲಾಯಿಸಿದ್ರೆ 24,000ಕ್ಕೆ ಕಟ್ಟಬೇಕಿತ್ತು. ತೋಟದ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ದರ ತೀರ್ಮಾನಿಸುವಾಗ ಅದನ್ನು ಲೆಕ್ಕಕ್ಕೆ ಹಿಡೀತಾರೆ. ಹಾಗಾಗಿ ಚಾಲಿ ಮಾರಿದ ಚೀಟಿಗಳನ್ನು ಆಡಿಟರಿಗೆ ತೋರಿಸಿಯೇ ಕೇಳಿ. ಬೇಗ ಹೊರಬಂದರೆ ಹಿಡಿಯುವ ಶುಲ್ಕ, ಎಕ್ಸಿಟ್ ಲೋಡ್, ಇದೆಯಾ ಅಂತಲೂ ಅದೇ ಫ್ಯಾಕ್ಟ್‌ಶೀಟಿನಲ್ಲಿ ನೋಡಿ, ಫಂಡಿಂದ ಫಂಡಿಗೆ ಬೇರೆ ಬೇರೆ ಇರ್ತದೆ.

ಹೆಗಡೆ, ಶಿರಸಿ: ಆಯ್ತು ಮೇಡಂ. ರಿಪೇರಿಗೆ ಮೂರು ಲಕ್ಷ ಸಾಕು. ಅಷ್ಟನ್ನು ತೆಗೆದು, ಉಳಿದದ್ದು ಅಲ್ಲೇ ಇರಲಾ?

ಕಾಮತ್, ಕುಮಟಾ: ಉಳಿದ ಎರಡು ಲಕ್ಷ ನಿಮಗೆ ಯಾವಾಗ ಬೇಕು, ಅದನ್ನು ಮೊದಲು ಹೇಳಿ.