ಹೆಂಡತಿಯ ತಮ್ಮನ ಸಂಸ್ಥೆ ನಮ್ಮ ವೆಂಡರ್, ಫಾರಂನಲ್ಲಿ ‘ಇಲ್ಲ’ ಅಂತ ಸಹಿ ಹಾಕಿದ್ದೇನೆ

ಪ್ರಶ್ನೆ: ನಾನು ಪರ್ಚೇಸ್ ವಿಭಾಗದಲ್ಲಿದ್ದೇನೆ. ನಮಗೆ ರಟ್ಟಿನ ಪೆಟ್ಟಿಗೆ ಕೊಡುವ ಸಂಸ್ಥೆಯಲ್ಲಿ ನನ್ನ ಹೆಂಡತಿಯ ತಮ್ಮ ಪಾಲುದಾರ. ವರ್ಷಕ್ಕೊಮ್ಮೆ ಬರುವ ಡಿಕ್ಲರೇಷನ್‌ನಲ್ಲಿ ‘ಸಂಬಂಧಿಕರಿಗೆ ಕಂಪನಿ ಜೊತೆ ವ್ಯವಹಾರ ಇದೆಯೇ’ ಎಂಬ ಕಡೆ ಎರಡು ಸಲ ‘ಇಲ್ಲ’ ಅಂತ ಹಾಕಿದ್ದೇನೆ. ಪ್ರತಿ ಸಲ ಅವನದೇ ಕಡಿಮೆ ರೇಟು, ಕಂಪನಿಗೆ ನಷ್ಟ ಆಗಿಲ್ಲ. ಕಳೆದ ತಿಂಗಳು ನನ್ನ ಹುಟ್ಟುಹಬ್ಬಕ್ಕೆ ಅವನು ಒಂದು ವಾಚ್ ಕೊಟ್ಟ. ಇನ್ನು ಹದಿನೈದು ದಿನಕ್ಕೆ ಮತ್ತೆ ಡಿಕ್ಲರೇಷನ್ ಬರುತ್ತದೆ. ಹೇಳಿದರೆ ಕೆಲಸ ಹೋಗುತ್ತಾ? ಸುಮ್ಮನಿದ್ದರೆ ಏನಾಗುತ್ತೆ?

ಒಬ್ಬ ಸದಸ್ಯ: ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಪಾಲಿಸಿಯಲ್ಲಿ ಕುಟುಂಬ ಅಂದ್ರೆ ಗಂಡ-ಹೆಂಡತಿ, ಮಕ್ಕಳು, ಅಪ್ಪ-ಅಮ್ಮ ಅಷ್ಟೇ. ಭಾವಮೈದುನ ಅದರಲ್ಲಿ ಬರಲ್ಲ. ಮೂರು ಕೊಟೇಶನ್ ತಗೊಂಡು ಕಡಿಮೆ ಇದ್ದವರಿಗೆ ಕೊಟ್ಟಿದ್ದೀರಿ. ತಪ್ಪೇನಿದೆ?

ಇಂಟರ್ನಲ್ ಆಡಿಟ್‌ನಲ್ಲಿರುವವರು: ಮೇಲಿನವರ ಮಾತು ಅರ್ಧ ಸರಿ. ಕೆಲವು ಪಾಲಿಸಿಗಳಲ್ಲಿ ಸಂಬಂಧಿಕರ ಪಟ್ಟಿ ಅಷ್ಟೇ ಚಿಕ್ಕದು. ಆದರೆ ಬಹಳಷ್ಟು ಪಾಲಿಸಿಗಳಲ್ಲಿ ಹೆಂಡತಿಯ ಒಡಹುಟ್ಟಿದವರೂ ಬರುತ್ತಾರೆ. ಪಟ್ಟಿ ಕೊಟ್ಟ ಮೇಲೆ ‘ಅಥವಾ ನಿಮ್ಮ ತೀರ್ಮಾನದ ಮೇಲೆ ಪ್ರಭಾವ ಬೀರಬಹುದಾದ ಯಾವುದೇ ನಿಕಟ ಸಂಬಂಧ’ ಅಂತ ಒಂದು ಸಾಲು ಬೇರೆ ಇರುತ್ತದೆ. ಜನ ಸಾಮಾನ್ಯವಾಗಿ ಆ ಸಾಲನ್ನು ಓದುವುದಿಲ್ಲ. ನೀವು ಸಹಿ ಹಾಕಿದ ಎರಡೂ ವರ್ಷದ ಫಾರಂ ಮತ್ತು ಆಯಾ ವರ್ಷದ ಪಾಲಿಸಿ ತೆಗೆದು ಮೊದಲು ಓದಿ.

ಇನ್ನು ಕಡಿಮೆ ರೇಟಿನ ವಿಷಯ. ನಿಮ್ಮ ಫೈಲು ನನ್ನ ಮೇಜಿಗೆ ಬಂದರೆ ರೇಟನ್ನು ನಾನು ಕೊನೆಗೆ ನೋಡುತ್ತೇನೆ. ಆ ಮೂವರನ್ನು ಕರೆದದ್ದು ಯಾರು ಅಂತ ಮೊದಲು ಕೇಳುತ್ತೇನೆ. ಉಳಿದ ಇಬ್ಬರ ರೇಟು ನಿಮ್ಮ ಕೈಗೆ ಬಂದ ಮೇಲೆ ಅವನ ಕೊಟೇಶನ್ ಬಂತಾ ಅಂತ ಇಮೇಲ್‌ನ ತಾರೀಖು, ಗಂಟೆ ನೋಡುತ್ತೇನೆ. ಮಾಲು ತಡವಾಗಿ ಬಂದಾಗ ದಂಡ ಹಾಕಿದ್ದೀರಾ? ಒದ್ದೆ ಪೆಟ್ಟಿಗೆ ಬಂದಾಗ ವಾಪಸ್ ಕಳಿಸಿದ್ದೀರಾ? ಅವನ ಬಿಲ್ಲು ಬೇರೆಯವರದಕ್ಕಿಂತ ಬೇಗ ಪಾಸಾಯಿತಾ? ಮೇಲಿನವರನ್ನು ಕೇಳದೆ ನೀವೇ ಒಪ್ಪಿಗೆ ಕೊಡಬಹುದಾದ ಮಿತಿ 100 ರೂಪಾಯಿ ಅಂತ ಇಟ್ಟುಕೊಳ್ಳಿ, ಅವನ ಆರ್ಡರುಗಳು 97, 98, 96 ಅಂತ ಸಾಲಾಗಿ ನಿಂತಿದ್ದರೆ ದೊಡ್ಡ ಆರ್ಡರನ್ನು ಒಡೆದು ಬರೆದಿದ್ದೀರಿ ಅಂತಲೇ ಲೆಕ್ಕ. ಹೆಚ್ಚಿನ ಕಡೆ ಪಕ್ಷಪಾತ ಕಾಣಿಸುವುದು ಇಂಥ ಸಣ್ಣ ಸಡಿಲಿಕೆಗಳಲ್ಲೇ.

ಇದೆಲ್ಲ ಸರಿ ಇದ್ದರೂ ಆ ‘ಇಲ್ಲ’ ಹಾಗೇ ಇರುತ್ತದೆ. ಮೊದಲೇ ‘ಇದೆ’ ಅಂದಿದ್ದರೆ ಆ ಖರೀದಿಯನ್ನು ಬೇರೊಬ್ಬರ ಕೈಗೆ ಕೊಟ್ಟು ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಈಗ ಅದು ಸುಳ್ಳು ಘೋಷಣೆ. ಒಂದು ರೂಪಾಯಿ ನಷ್ಟ ಆಗದಿದ್ದರೂ, ಬಹಳ ಕಂಪನಿಗಳಲ್ಲಿ ಕೆಲಸದಿಂದ ತೆಗೆಯಲು ಅದೊಂದೇ ಸಾಕು.

ಪ್ರಶ್ನೆ ಕೇಳಿದವರು: ಮೇಡಂ, ಒಂದು ಸಲ ಅವನ ಮಾಲು ಒಂಬತ್ತು ದಿನ ತಡವಾಯಿತು, ನಾನು ದಂಡ ಹಾಕಲಿಲ್ಲ. ಆದರೆ ಬೇರೆ ವೆಂಡರ್‌ಗಳಿಗೂ ಹಾಗೆ ಬಿಟ್ಟಿದ್ದೇನೆ. ಅವನ ಸರ್‌ನೇಮ್ ಬೇರೆ. ಆಡಿಟ್‌ನವರಿಗೆ ಹೇಗೆ ಗೊತ್ತಾಗುತ್ತೆ?

ಇಂಟರ್ನಲ್ ಆಡಿಟ್‌ನಲ್ಲಿರುವವರು: ಹೆಸರು ನೋಡಿ ಹಿಡಿಯುವುದು ಅಪರೂಪ. ವೆಂಡರ್ ಪಟ್ಟಿ ಮತ್ತು ನೌಕರರ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಫೋನ್ ನಂಬರು, ವಿಳಾಸ, ಬ್ಯಾಂಕ್ ಖಾತೆ ಹೊಂದಿಸಿ ನೋಡುತ್ತೇವೆ. ಅರ್ಧ ದಿನದ ಕೆಲಸ. ನೀವು ಕೆಲಸಕ್ಕೆ ಸೇರಿದ ದಿನ ತುಂಬಿದ ಫಾರಂನಲ್ಲಿ ತುರ್ತು ಸಂಪರ್ಕಕ್ಕೆ ಅಂತ ಯಾರ ನಂಬರು ಕೊಟ್ಟಿದ್ದೀರಿ, ನೆನಪಿದೆಯಾ?

ಅದಕ್ಕಿಂತ ಹೆಚ್ಚಾಗಿ ಯಾರೋ ಒಬ್ಬರು ಹೇಳಿಬಿಡುತ್ತಾರೆ. ಆರ್ಡರ್ ಸಿಗದ ವೆಂಡರ್ ಹೇಳಬಹುದು, ಮದುವೆಗೆ ಬಂದಿದ್ದ ಸಹೋದ್ಯೋಗಿ ಹೇಳಬಹುದು.

ಪ್ರಶ್ನೆ ಕೇಳಿದವರು: ಅಯ್ಯೋ. ತುರ್ತು ಸಂಪರ್ಕಕ್ಕೆ ಕೊಟ್ಟಿದ್ದು ಅವನ ಮೊಬೈಲ್ ನಂಬರೇ. ವೆಂಡರ್ ಫಾರಂನಲ್ಲೂ ಅದೇ ನಂಬರು.

ಮತ್ತೊಬ್ಬ ಸದಸ್ಯೆ: ನನಗೆ ಭಯ ಶುರುವಾಯಿತು! ನಾನು ಐಟಿ ಸಪೋರ್ಟ್‌ನಲ್ಲಿದ್ದೇನೆ. ನನ್ನ ತಂಗಿ ನಮ್ಮ ಒಬ್ಬ ವೆಂಡರ್ ಹತ್ತಿರ ಅಕೌಂಟೆಂಟ್. ನಾವಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾ?

ಇಂಟರ್ನಲ್ ಆಡಿಟ್‌ನಲ್ಲಿರುವವರು: ಯಾರೂ ಬಿಡಬೇಕಿಲ್ಲ. ಆ ವೆಂಡರ್ ಆಯ್ಕೆಯಲ್ಲಿ, ಬಿಲ್ಲಿನಲ್ಲಿ ನಿಮ್ಮ ಕೈ ಇಲ್ಲ. ಡಿಕ್ಲರೇಷನ್‌ನಲ್ಲಿ ಒಂದು ಸಾಲು ಬರೆದು ಬಿಡಿ. ಸಂಬಂಧ ಇರುವುದು ತಪ್ಪಲ್ಲ.

ಒಬ್ಬ ನಿವೃತ್ತರು: ಈ ಮಾತಿಗೆ ಒಂದು ಹಳೆಯ ಕೇಸು ನೆನಪಾಯಿತು. ಅಮೆರಿಕದ ವಾಯುಪಡೆಯ ಖರೀದಿ ನೋಡಿಕೊಳ್ಳುತ್ತಿದ್ದ ಡಾರ್ಲೀನ್ ಡ್ರುಯನ್ ಎಂಬ ಹಿರಿಯ ಅಧಿಕಾರಿಯ ಮಗಳು, ಅಳಿಯ ಇಬ್ಬರೂ ಬೋಯಿಂಗ್‌ನಲ್ಲಿ ಕೆಲಸದಲ್ಲಿದ್ದರು. ಆ ಕಂಪನಿಯ ಒಪ್ಪಂದಗಳು ತನ್ನ ಕೈಯಲ್ಲಿರುವಾಗಲೇ ಈಕೆ ತನಗೂ ಅಲ್ಲೊಂದು ಕೆಲಸದ ಮಾತುಕತೆ ನಡೆಸಿದ್ದರು. ‘ಅವರಿಗೆ ಯಾವ ಲಾಭವನ್ನೂ ಮಾಡಿಕೊಟ್ಟಿಲ್ಲ’ ಅಂತ ಮೊದಲು ಹೇಳಿ, ಆಮೇಲೆ ಮಾಡಿಕೊಟ್ಟಿದ್ದೆ ಅಂತ ಒಪ್ಪಿಕೊಂಡರು. 2004ರಲ್ಲಿ ಒಂಬತ್ತು ತಿಂಗಳ ಜೈಲು ಶಿಕ್ಷೆ ಆಯಿತು.

ಇಂಟರ್ನಲ್ ಆಡಿಟ್‌ನಲ್ಲಿರುವವರು: ಸರ್, ಇವರ ಪೆಟ್ಟಿಗೆ ಕೇಸಿಗೂ ಅದಕ್ಕೂ ಬಹಳ ದೂರ. ಇಲ್ಲಿ ಇವರಿಗೆ ಪಾಲು, ಕಮಿಷನ್ ಏನೂ ಇಲ್ಲದಿದ್ದರೆ ವಿಷಯ ಸಾಮಾನ್ಯವಾಗಿ ಕಂಪನಿಯ ಒಳಗೇ ಮುಗಿಯುತ್ತದೆ. ಇದ್ದರೆ ಪ್ರಶ್ನೆ ಕೇಳಿದವರು ಇಲ್ಲಿ ಬರೆಯುವುದನ್ನು ನಿಲ್ಲಿಸಿ ವಕೀಲರನ್ನು ನೋಡಬೇಕು.

ಇಲ್ಲ ಅಂತಲೇ ಇಟ್ಟುಕೊಂಡು ಹೇಳುತ್ತೇನೆ. ಡಿಕ್ಲರೇಷನ್ ಬರುವ ತನಕ ಕಾಯಬೇಡಿ. ಈ ವಾರವೇ ನಿಮ್ಮ ಮ್ಯಾನೇಜರ್ ಮತ್ತು ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ವಿಭಾಗ ಇಬ್ಬರಿಗೂ ಇಮೇಲ್ ಮಾಡಿ. ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ಇಷ್ಟು ಸಾಕು:

‘ಈ ಸಂಸ್ಥೆಯ ಪಾಲುದಾರ ನನ್ನ ಹೆಂಡತಿಯ ತಮ್ಮ. ಇಂಥ ತಿಂಗಳಿಂದ ಅವರ ಆರ್ಡರುಗಳನ್ನು ನಾನೇ ನೋಡಿದ್ದೇನೆ, ಪಟ್ಟಿ ಜೊತೆಗಿದೆ. ಹಿಂದಿನ ಎರಡು ಡಿಕ್ಲರೇಷನ್‌ಗಳಲ್ಲಿ ಇಲ್ಲ ಎಂದು ಬರೆದಿದ್ದೆ, ಅದು ತಪ್ಪು. ಇಂದಿನಿಂದ ಇವರ ಕೊಟೇಶನ್, ತಪಾಸಣೆ, ಬಿಲ್ಲು ಯಾವುದನ್ನೂ ನಾನು ಮುಟ್ಟುವುದಿಲ್ಲ.’

ಮರೆತಿದ್ದೆ ಅಂತ ಮಾತ್ರ ಬರೆಯಬೇಡಿ. ಎರಡು ವರ್ಷ ಮರೆತೆ ಅಂದರೆ ಯಾರೂ ನಂಬಲ್ಲ. ತಡವಾದ ಮಾಲಿನ ವಿಷಯವನ್ನು ನೀವೇ ಸೇರಿಸಿ. ಹಳೇ ತಾರೀಖು ಹಾಕಿ ಹೊಸ ಫಾರಂ ಕೊಡುವುದು, ವಾಟ್ಸಾಪ್ ಅಳಿಸುವುದು, ಅವನ ಪಾಲನ್ನು ಬೇರೆಯವರ ಹೆಸರಿಗೆ ಬರೆಸುವುದು, ತುರ್ತು ಸಂಪರ್ಕದ ನಂಬರು ಬದಲಿಸುವುದು, ಇದರಲ್ಲಿ ಒಂದನ್ನು ಮಾಡಿದರೂ ಇಲ್ಲಿಯ ತನಕ ತಪ್ಪು ಆಗಿದ್ದು ಇನ್ನು ಮುಂದೆ ಸಂಚು ಅನ್ನಿಸಿಕೊಳ್ಳುತ್ತದೆ. ನಂಬರಿನ ಬದಲಾವಣೆ ಸಿಸ್ಟಮ್‌ನಲ್ಲಿ ತಾರೀಖಿನ ಸಮೇತ ಉಳಿಯುತ್ತದೆ.

ಕೆಲಸ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ತಾವಾಗಿ ಬಂದು ಹೇಳಿದವರಿಗೆ ಎಚ್ಚರಿಕೆ ಪತ್ರ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿದ್ದನ್ನು ನೋಡಿದ್ದೇನೆ. ಹೇಳಿದರೂ ಕಳಿಸಿದ್ದನ್ನೂ ನೋಡಿದ್ದೇನೆ. ತನಿಖೆಯಲ್ಲಿ ಸಿಕ್ಕಿಬಿದ್ದವರು ಉಳಿದದ್ದನ್ನು ಮಾತ್ರ ನೋಡಿಲ್ಲ.

ಮೊದಲ ಸದಸ್ಯ: ವಾಚ್ ಕಥೆ ಏನು? ಹುಟ್ಟುಹಬ್ಬಕ್ಕೆ ಮನೆಯವರು ಕೊಟ್ಟಿದ್ದಲ್ವಾ?

ಇಂಟರ್ನಲ್ ಆಡಿಟ್‌ನಲ್ಲಿರುವವರು: ಇದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ. ಮನೆಯವರ ಉಡುಗೊರೆಗೆ ಬಹಳ ಪಾಲಿಸಿಗಳು ವಿನಾಯಿತಿ ಕೊಡುತ್ತವೆ. ಆದರೆ ಕೊಟ್ಟವನು ವೆಂಡರ್ ಕೂಡ. ಎರಡು ವಿಷಯ ನೋಡಿ. ವೆಂಡರ್ ಆಗುವ ಮೊದಲೂ ಅವನು ಇಂಥದ್ದೇ ಉಡುಗೊರೆ ಕೊಡುತ್ತಿದ್ದನಾ? ವಾಚಿನ ಬಿಲ್ಲು ಅವನ ಹೆಸರಲ್ಲಿದೆಯಾ, ಸಂಸ್ಥೆಯ ಹೆಸರಲ್ಲಿದೆಯಾ? ಸಂಸ್ಥೆಯ ಲೆಕ್ಕದಲ್ಲಿ ಖರ್ಚು ತೋರಿಸಿದ್ದರೆ ಅದು ವೆಂಡರ್ ಉಡುಗೊರೆಯೇ. ಹೇಗಿದ್ದರೂ ಅದೇ ಇಮೇಲ್‌ನಲ್ಲಿ ಹೇಳಿ. ಅವರು ತೀರ್ಮಾನಿಸುವ ತನಕ ಕಟ್ಟಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು: ಇಮೇಲ್ ಹೋಯಿತು. ಪಟ್ಟಿ ಮಾಡಿದಾಗ ಹನ್ನೊಂದು ಆರ್ಡರು. ಬೇರೆ ವೆಂಡರ್‌ಗಳಿಗೂ ದಂಡ ಬಿಟ್ಟಿದ್ದೇನೆ ಅಂತ ಹೇಳಿದ್ದೆ ಅಲ್ವಾ, ಹುಡುಕಿ ನೋಡಿದರೆ ಇಬ್ಬರಿಗೆ ಹಾಕಿದ್ದೇನೆ. ಅದನ್ನೂ ಬರೆದೆ. ಮ್ಯಾನೇಜರ್ ಓದಿದ್ದಾರೆ, ಏನೂ ಹೇಳಿಲ್ಲ. ಸೋಮವಾರ ಬರಲು ಕಂಪ್ಲಯನ್ಸ್‌ನವರು ಹೇಳಿದ್ದಾರೆ. ವಾಚಿನ ಬಿಲ್ಲು ಯಾರ ಹೆಸರಲ್ಲಿದೆ ಅಂತ ಭಾವಮೈದುನನ್ನು ಕೇಳಿದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.