ಕಿವಿಯ ಅಂಚಿನ ಹುಣ್ಣು ಮಾಯುತ್ತಿಲ್ಲ, ರಾಶಿ ಮುಗಿಯುವವರೆಗೆ ತಡೆಯಬಹುದಾ?

ಪ್ರಶ್ನೆ (ಹೊಲದ ಕೂಲಿ ಕೆಲಸಗಾರ, ಸುರಪುರ ತಾಲ್ಲೂಕು): ನಮಸ್ಕಾರ ಡಾಕ್ಟರ್ ಮೇಡಂ. ವಯಸ್ಸು ಅರವತ್ತರ ಹತ್ತಿರ. ಗಣಪತಿ ಹಬ್ಬದ ಹೊತ್ತಿಗೆ ಬಲಗಿವಿಯ ಮೇಲಂಚಿನಲ್ಲಿ ಸಣ್ಣ ಹುಣ್ಣಾಯಿತು, ಇನ್ನೂ ಮಾಯ್ದಿಲ್ಲ. ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ರಕ್ತ ಬರುತ್ತದೆ, ಮತ್ತೆ ಕಟ್ಟುತ್ತದೆ. ನೋವು ಅಷ್ಟಿಲ್ಲ. ತಲೆಗೆ ರುಮಾಲು ಸುತ್ತುತ್ತೇನೆ, ಆದರೆ ಕಿವಿ ಹೊರಗೇ ಇರುತ್ತದೆ. ಮಗ ಫೋಟೋ ಹಾಕಿದ್ದಾನೆ. ತೊಗರಿ ರಾಶಿ ನಡೆದಿದೆ, ಮುಗಿದ ಮೇಲೆ ಬಂದರೆ ನಡೆಯುತ್ತದಾ?

ಮೆಡಿಕಲ್ ಅಂಗಡಿಯವರು, ಶಹಾಪುರ: ಕಾಕಾ, ಇದು ಇನ್‌ಫೆಕ್ಷನ್ ಇರಬೇಕು. ಮ್ಯುಪಿರೋಸಿನ್ ಮುಲಾಮು ಹಚ್ಚಿ. ನಮ್ಮಲ್ಲಿ ಮೂರು ಔಷಧಿ ಸೇರಿದ ಟ್ಯೂಬ್ ಕೂಡ ಇದೆ, ತುರಿಕೆ, ಹುಣ್ಣು ಎಲ್ಲಕ್ಕೂ ಜನ ಅದನ್ನೇ ಒಯ್ಯುತ್ತಾರೆ. ಬೇಗ ಕೆಂಪು ಇಳಿಯುತ್ತದೆ.

ಒಬ್ಬ ತಾಯಿ, ಬೀದರ್: ನನ್ನ ಮೊಮ್ಮಗನಿಗೂ ಕಿವಿ ಸೋರುತ್ತಿತ್ತು. ಕಿವಿಯ ಡಾಕ್ಟರ್ ಡ್ರಾಪ್ಸ್ ಕೊಟ್ಟರು, ನೀರು ಹೋಗದಂತೆ ಹತ್ತಿ ಇಡಲು ಹೇಳಿದರು. ಈಗ ಆರಾಮಿದ್ದಾನೆ.

ಚರ್ಮರೋಗ ವೈದ್ಯೆ, ಕಲಬುರಗಿ: ಅಕ್ಕಾ, ಇವರದು ಕಿವಿಯ ಒಳಗಿನ ತೊಂದರೆ ಅಲ್ಲ, ಹೊರಗಿನ ಅಂಚಿನ ಚರ್ಮದ್ದು. ಡ್ರಾಪ್ಸ್ ಇದಕ್ಕೆ ಹತ್ತುವುದಿಲ್ಲ.

ಕಾಕಾ, ಫೋಟೋ ನೋಡಿ ಹೆಸರು ಹೇಳಲು ಆಗುವುದಿಲ್ಲ. ಆದರೆ ನಾಲ್ಕು ತಿಂಗಳು ಮಾಯದೆ ರಕ್ತ ಬರುತ್ತಿರುವ ಹುಣ್ಣು, ಅದೂ ವರ್ಷಗಟ್ಟಲೆ ಬಿಸಿಲು ಬಿದ್ದ ಕಿವಿಯ ಮೇಲೆ ಅಂದರೆ, ಅದು ಚರ್ಮದ ಕ್ಯಾನ್ಸರ್ ಅಲ್ಲ ಅಂತ ಪಕ್ಕಾ ಆಗುವವರೆಗೆ ನಾವು ಸುಮ್ನೆ ಕೂರುವುದಿಲ್ಲ. ಕಪ್ಪು ಚರ್ಮಕ್ಕೆ ಬಿಸಿಲಿನಿಂದ ಒಂದಿಷ್ಟು ರಕ್ಷಣೆ ಇದೆ, ಹಾಗಾಗಿ ನಮ್ಮಲ್ಲಿ ಇದು ಕಡಿಮೆ. ಬರುವುದೇ ಇಲ್ಲ ಅಂತಲ್ಲ.

ಕಿವಿಯಲ್ಲಿ ಚರ್ಮದ ಕೆಳಗೆ ಕೊಬ್ಬಿನ ಪದರ ಇಲ್ಲವೇ ಇಲ್ಲ ಎನ್ನುವಷ್ಟು ತೆಳ್ಳಗೆ, ಕೆಳಗೆ ನೇರ ಮೃದು ಎಲುಬು. ಅದಕ್ಕೇ ಅಲ್ಲಿಯ ಗೆಡ್ಡೆ ಬೇಗ ಆಳಕ್ಕೆ ಇಳಿಯಬಹುದು. ಕಿವಿ ಮತ್ತು ತುಟಿಯ ಕ್ಯಾನ್ಸರ್ ಬೇರೆ ಜಾಗದ ಚರ್ಮದ ಕ್ಯಾನ್ಸರ್‌ಗಿಂತ ಕುತ್ತಿಗೆಯ ಗಂಟುಗಳಿಗೆ ಹರಡುವ ಸಾಧ್ಯತೆ ಜಾಸ್ತಿ. ಸಣ್ಣದಿರುವಾಗ ತೆಗೆದರೆ ಹೆಚ್ಚಿನವರಿಗೆ ಪೂರ್ತಿ ವಾಸಿ.

ಮೂರು ಔಷಧಿ ಸೇರಿದ ಟ್ಯೂಬ್ ದಯವಿಟ್ಟು ಬೇಡ. ಅಂಥವುಗಳಲ್ಲಿ ಸಾಮಾನ್ಯವಾಗಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ಹುಣ್ಣು ಒಳಗೆ ಹಾಗೇ ಇರುತ್ತದೆ, ಚರ್ಮ ಇನ್ನೂ ತೆಳ್ಳಗಾಗುತ್ತದೆ, ನಮಗೂ ನೋಡಿದಾಗ ಗೊತ್ತಾಗುವುದು ಕಷ್ಟ. ಸುಣ್ಣ, ಆ್ಯಸಿಡ್, ಸುಡುವುದು ಯಾವುದೂ ಬೇಡ. ಈಗಾಗಲೇ ಏನಾದರೂ ಹಚ್ಚಿದ್ದರೆ ಖಾಲಿ ಟ್ಯೂಬನ್ನೂ ತನ್ನಿ.

ಕೆಲವು ಪ್ರಶ್ನೆ ಕೇಳುತ್ತೇನೆ, ಉತ್ತರಿಸಿ. ಹುಣ್ಣಿನ ಅಂಚು ಗಟ್ಟಿಯಾಗಿ ಎದ್ದಿದೆಯಾ? ರಾತ್ರಿ ಆ ಕಿವಿ ಕೆಳಗಾಗಿ ಮಲಗಿದಾಗ ಚುಚ್ಚಿದಂತೆ ನೋವಾಗುತ್ತದಾ? ಹತ್ತಿ ಮುಟ್ಟಿಸಿದರೆ ಕಿವಿಯ ಮೇಲೆ ಗೊತ್ತಾಗುತ್ತದಾ? ಕಿವಿಯ ಮುಂದೆ, ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟೇನಾದರೂ ಕೈಗೆ ಸಿಗುತ್ತದಾ?

ಪ್ರಶ್ನೆ ಕೇಳಿದವರು: ಅಂಚು ಗಟ್ಟಿಯೇ ಇದೆ. ಹತ್ತಿ ಗೊತ್ತಾಗುತ್ತದೆ. ಮಲಗಿದಾಗ ಚೂರು ನೋವು, ಬಹಳ ಅಲ್ಲ. ಕಿವಿಯ ಮುಂದೆ ಒಂದು ಸಣ್ಣದು ಸಿಕ್ಕ ಹಾಗಿದೆ, ಪಕ್ಕಾ ಇಲ್ಲ. ಟ್ಯೂಬ್ ಎರಡು ಮುಗಿಸಿದ್ದೇನೆ.

ಶಿಕ್ಷಕಿ, ಯಾದಗಿರಿ: ನಮ್ಮ ಯಜಮಾನರಿಗೆ ಕಿವಿಯ ಅಂಚಿನಲ್ಲೇ ಇಂಥದ್ದು ಇತ್ತು, ಆದರೆ ಮಲಗಲು ಆಗದಷ್ಟು ನೋವು. ಒಂದೇ ಮಗ್ಗುಲಲ್ಲಿ ಮಲಗುವುದರಿಂದ ಅಂತ ಹೇಳಿ ನಡುವೆ ತೂತಿರುವ ದಿಂಬು ಮಾಡಿಕೊಟ್ಟರು, ಇಳಿಯಿತು. ಕ್ಯಾನ್ಸರ್ ಅಂತ ಕಾಕಾನಿಗೆ ಯಾಕೆ ಹೆದರಿಸಬೇಕು?

ಚರ್ಮರೋಗ ವೈದ್ಯೆ: ನಿಮ್ಮ ಯಜಮಾನರದು ಇದ್ದಿರಬಹುದು, ಅದೊಂದು ಸಾಮಾನ್ಯ ತೊಂದರೆ. ಎಲುಬಿನ ಮೇಲೆ ಒತ್ತಡ ಬಿದ್ದು ಬರುವಂಥದ್ದು, ನೋವೇ ಅದರ ಮೊದಲ ದೂರು. ಆದರೆ ಎರಡೂ ಕಣ್ಣಿಗೆ ಒಂದೇ ತರ ಕಾಣುತ್ತವೆ, ಎಷ್ಟು ವರ್ಷ ನೋಡಿದವರೂ ಮೋಸ ಹೋಗುತ್ತಾರೆ. ಕಾಕಾನಿಗೆ ನೋವು ಕಡಿಮೆ, ಅಂಚು ಗಟ್ಟಿ, ರಕ್ತ ಬರುತ್ತದೆ. ಮುಟ್ಟಿದ್ದು ಗೊತ್ತಾಗುತ್ತಿರುವುದರಿಂದ ಕುಷ್ಠದ ಕಡೆಗೆ ಒಲವು ಕಡಿಮೆ. ಕಿವಿಯ ಮುಂದಿನ ಗಂಟು ಹುಣ್ಣಿನ ಸೋಂಕಿನಿಂದಲೂ ಊದಿರಬಹುದು. ಅದನ್ನು ಕೈಯಿಂದ ಮುಟ್ಟಿ ನೋಡಬೇಕು, ಬೇಕಾದರೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಬೇಕು. ಇದನ್ನೆಲ್ಲ ಬಯಾಪ್ಸಿ ಬಿಟ್ಟು ಬೇರೇನೂ ಬಗೆಹರಿಸುವುದಿಲ್ಲ.

ಬಯಾಪ್ಸಿ ಅಂದರೆ ಹುಣ್ಣಿನ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಂಚಿನಿಂದ ಸಣ್ಣ ತುಂಡು ತೆಗೆಯುವುದು. ಒಂದೆರಡು ಹೊಲಿಗೆ ಬೀಳಬಹುದು, ಅದೇ ದಿನ ಮನೆಗೆ. ರಿಪೋರ್ಟ್ ಬರಲು ಸುಮಾರು ಒಂದು ವಾರ. ಎರಡು ವಿಷಯ ಮಾತ್ರ ಕೇಳಿ ಖಾತ್ರಿ ಮಾಡಿಕೊಳ್ಳಿ. ತೆಗೆದ ತುಂಡು ಲ್ಯಾಬ್‌ಗೆ ಹೋಯಿತಾ ಅಂತ, ಯಾಕೆಂದರೆ ಗಂಟು ಕೊಯ್ದು ಬಿಸಾಕಿದ ಕೇಸ್‌ಗಳು ನಮ್ಮ ಹತ್ತಿರ ಬರುತ್ತವೆ, ಮತ್ತೆ ಬೆಳೆದಾಗ ಮೊದಲು ಏನಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು, ಬರೀ ಹಕ್ಕಳೆ ಅಥವಾ ಮೇಲ್ಪದರ ತೆಗೆದರೆ 'ಕ್ಯಾನ್ಸರ್ ಇಲ್ಲ' ಅಂತ ರಿಪೋರ್ಟ್ ಬರಬಹುದು. ಹುಣ್ಣು ಆಮೇಲೂ ಮಾಯದಿದ್ದರೆ ಆ ಕಾಗದ ನಂಬಿ ಕೂರಬೇಡಿ, ಮತ್ತೆ ಆಳದಿಂದ ತೆಗೆಸಿ.

ಕ್ಯಾನ್ಸರ್ ಅಂತ ಬಂದರೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಕೆಲವು ಮಿಲಿಮೀಟರ್ ಸೇರಿಸಿ ಕತ್ತರಿಸಿ ಹೊಲಿಯುತ್ತಾರೆ. ಕಿವಿ ಸ್ವಲ್ಪ ಚಿಕ್ಕದಾಗಿ ಕಾಣಬಹುದು, ಕೇಳಿಸುವುದಕ್ಕೆ ತೊಂದರೆ ಇಲ್ಲ. ತೆಗೆದದ್ದರ ಅಂಚು ಸ್ವಚ್ಛ ಇದೆಯಾ ಅಂತ ಮತ್ತೆ ಲ್ಯಾಬ್‌ನಲ್ಲಿ ನೋಡುತ್ತಾರೆ. ಆಮೇಲೆ ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಕುತ್ತಿಗೆ ತೋರಿಸಿಕೊಳ್ಳಬೇಕು.

ರಾಶಿಯ ವಿಷಯ. ಒಂದೆರಡು ದಿನ ಹಿಂದೆಮುಂದೆ ಆದರೆ ಏನೂ ಕೆಡುವುದಿಲ್ಲ, ತಿಂಗಳು ಬೇಡ. ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ನಿಮಗೆ ಹತ್ತಿರ, ಇಲ್ಲದಿದ್ದರೆ ಕಲಬುರಗಿಯ ಜಿಮ್ಸ್. ಮುಂದೆ ಬೇಕಾದರೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಘಟಕ ಇದೆ, ಬೆಂಗಳೂರಿಗೇ ಓಡಬೇಕಿಲ್ಲ. ಬಿಪಿಎಲ್ ಕಾರ್ಡ್, ಆಧಾರ್ ತನ್ನಿ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಕ್ಕರೆ ಕಾಯಿಲೆ ಇದ್ದರೆ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಮೆಡಿಕಲ್ ಅಂಗಡಿಯವರು: ಸರಿ ಮೇಡಂ, ಆ ಟ್ಯೂಬ್ ಕೊಡುವುದಿಲ್ಲ. ಆದರೆ ಮ್ಯುಪಿರೋಸಿನ್ ಹಚ್ಚಿದರೆ ತಪ್ಪೇನು?

ಚರ್ಮರೋಗ ವೈದ್ಯೆ: ಕೀವು ಇದ್ದರೆ ಕೆಲವು ದಿನ ಹಚ್ಚಿದರೆ ತಪ್ಪಿಲ್ಲ. ಇದು ವಾಸಿ ಮಾಡುತ್ತದೆ ಅಂತ ಇನ್ನೊಂದು ತಿಂಗಳು ಕಾಯುವುದು ತಪ್ಪು.

ಪ್ರಶ್ನೆ ಕೇಳಿದವರ ಮಗ: ಮೇಡಂ, ಅಪ್ಪನಿಗೆ ಹೇಳಿದ್ದೇನೆ, ಮಂಗಳವಾರ ಕರೆದುಕೊಂಡು ಹೋಗುತ್ತೇನೆ. ಇನ್ನೊಂದು ಮಾತು. ನಮ್ಮ ಕಡೆ ಕಿರದಳ್ಳಿ ತಾಂಡಾದಲ್ಲಿ ಬಾವಿ ನೀರಿನಲ್ಲಿ ವಿಷ ಇತ್ತು ಅನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಚರ್ಮರೋಗ ವೈದ್ಯೆ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಅಲ್ಲಿಯ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದು, ಜನರ ಚರ್ಮದ ಮೇಲೆ ಅದರ ಗುರುತು ಕಂಡಿದ್ದು ನಿಜ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಅಂಗೈ, ಅಂಗಾಲಿನಲ್ಲಿ ಕಾಳಿನಂಥ ಗಟ್ಟಿ ಚುಕ್ಕೆ ಏಳುತ್ತವೆ, ಚರ್ಮದ ಕ್ಯಾನ್ಸರೂ ಬರಬಹುದು, ಬಿಸಿಲು ಬೀಳದ ಹೊಟ್ಟೆ ಬೆನ್ನಿನ ಮೇಲೂ. ಅಪ್ಪನವರು ಯಾವ ನೀರು ಎಷ್ಟು ಕಾಲ ಕುಡಿದಿದ್ದಾರೆ?

ಮಗ: ನಮ್ಮದು ಬೇರೆ ಊರು, ಬೋರ್‌ವೆಲ್ ನೀರು. ಯಾರೂ ಟೆಸ್ಟ್ ಮಾಡಿಲ್ಲ. ಅಪ್ಪನ ಅಂಗೈಯಲ್ಲಿ ಗಟ್ಟಿ ಗಂಟುಗಳಿವೆ, ಅದು ಸನಿಕೆ, ಕುಡುಗೋಲು ಹಿಡಿದು ಆಗಿದ್ದು ಅಂತ ಅಂದುಕೊಂಡಿದ್ದೆವು.

ಚರ್ಮರೋಗ ವೈದ್ಯೆ: ಅದೇ ಇರಬಹುದು. ಹಿಡಿಕೆ ಒತ್ತುವ ಕಡೆ ಮಾತ್ರ ಇದ್ದರೆ ಕೆಲಸದ್ದು. ಅಂಗೈ ತುಂಬ ಹರಡಿದ್ದರೆ, ಅಂಗಾಲಿನ ನಡುವೆ ನೆಲ ತಾಗದ ಜಾಗದಲ್ಲೂ ಇದ್ದರೆ ಬೇರೆ ಮಾತು. ಮಂಗಳವಾರ ಚಪ್ಪಲಿ ಬಿಚ್ಚಿಸಿ ಪಾದವನ್ನೂ ತೋರಿಸಿ, ಅಂಗಿ ತೆಗೆಸಿ ಬೆನ್ನನ್ನೂ ತೋರಿಸಿ, ಅಲ್ಲಿಯ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ನೀರಿನ ಪರೀಕ್ಷೆಗೆ ಪಂಚಾಯಿತಿಯಲ್ಲಿ ಅರ್ಜಿ ಕೊಡಿ. ಅಲ್ಲಿಯವರೆಗೆ ಕಾಯಿಸಿ ಕುಡಿಯೋಣ ಅಂದುಕೊಂಡರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತದೆ.