ಗಾಜಿನಾಚೆಯ ಮಂಕು, ಮೋಡದ ದಿನದ ಸಪ್ಪೆ: ಕರ್ವ್ಸ್‌ನಲ್ಲಿ ಎಲ್ಲಿ ಹಿಡಿದು ಎಳೆಯಬೇಕು?

ಕೇಳಿದವರು: ಜುಲೈನಲ್ಲಿ ಹಗಲು ರೈಲಿನಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹೋದೆವು. ಸಕಲೇಶಪುರ ದಾಟಿದ ಮೇಲಿನ ಘಾಟಿಯ ಫೋಟೋಗಳನ್ನೆಲ್ಲ ಮುಚ್ಚಿದ ಗಾಜಿನ ಒಳಗಿಂದಲೇ ಫೋನಲ್ಲಿ ತೆಗೆದೆ. ಕಾಡು ಬೂದಿ ಬಣ್ಣಕ್ಕೆ ಬಂದಿದೆ. ಅದರ ಹಿಂದಿನ ದಿನ ಹಳೇಬೀಡಿನಲ್ಲಿ ತೆಗೆದವೂ ಇವೆ. ಅಲ್ಲಿ ಗಾಜಿರಲಿಲ್ಲ, ಮೋಡ ಮುಚ್ಚಿತ್ತು, ಆದರೂ ಕೆತ್ತನೆ ಸಪ್ಪೆ. ಕಾಂಟ್ರಾಸ್ಟ್ ಜಾಸ್ತಿ ಮಾಡಿದರೆ ಮೋಡ ಪೂರ್ತಿ ಬಿಳಿಯಾಗುತ್ತದೆ, ಕಾಡು ಮಾತ್ರ ಹಾಗೇ ಇರುತ್ತದೆ. GIMP ಬಳಸುತ್ತೇನೆ. ಕರ್ವ್ಸ್‌ನಲ್ಲಿ ಏನು ಮಾಡಬೇಕು?

ದಾವಣಗೆರೆಯಿಂದ ಒಬ್ಬರು: ಅಷ್ಟೆಲ್ಲ ಯಾಕೆ? Colors > Auto > Stretch Contrast ಒತ್ತಿ. ಮಂಕು ಹೋಗುತ್ತದೆ. ನಾನು ಬಸ್ಸಿನ ಕಿಟಕಿಯ ಫೋಟೋಗಳಿಗೆಲ್ಲ ಇದನ್ನೇ ಮಾಡುವುದು.

ಕೇಳಿದವರು: ಒತ್ತಿ ನೋಡಿದೆ ಸಾರ್. ಒಂದು ಫೋಟೋದಲ್ಲಿ ಚೆನ್ನಾಗಿ ಬಂತು. ಇನ್ನೊಂದರಲ್ಲಿ ಏನೂ ಬದಲಾಗಲಿಲ್ಲ.

ಹಾಸನದ ಸ್ಟುಡಿಯೋದವರು: ಬದಲಾಗದ ಫೋಟೋದ ಅಂಚಿನಲ್ಲಿ ಕಿಟಕಿಯ ಕಪ್ಪು ರಬ್ಬರ್ ಪಟ್ಟಿ ಬಿದ್ದಿದೆಯಾ ನೋಡಿ. ಆ ಆಟೋ ಕೆಲಸ ಮಾಡುವುದು ಫೋಟೋದಲ್ಲಿರುವ ಅತಿ ಕಪ್ಪು ಮತ್ತು ಅತಿ ಬಿಳಿ ಚುಕ್ಕೆ ಹುಡುಕಿ, ಅವೆರಡನ್ನು ತುದಿಗೆ ಎಳೆದು. ರಬ್ಬರ್ ಪಟ್ಟಿ ಆಗಲೇ ಕಪ್ಪಿದ್ದರೆ, ಮೋಡದ ಒಂದು ಮೂಲೆ ಆಗಲೇ ಬಿಳಿ ಇದ್ದರೆ, ಅದಕ್ಕೆ ಎಳೆಯಲು ಏನೂ ಉಳಿದಿರುವುದಿಲ್ಲ. ಮೊದಲು ಪಟ್ಟಿಯನ್ನು ಕ್ರಾಪ್ ಮಾಡಿ, ಆಮೇಲೆ ಒತ್ತಿ. ದಾವಣಗೆರೆಯವರು ಹೇಳಿದ್ದು ಅಂಥ ಫೋಟೋಗೆ ಸರಿಯೇ. ಆದರೆ ನಿಮ್ಮ ಹಳೇಬೀಡಿನ ಫೋಟೋಗೆ ಅದು ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ನಿಮ್ಮ ಹತ್ತಿರ ಇರುವುದು ಎರಡು ಬೇರೆ ಬೇರೆ ಮಂಕು.

Colors > Curves ತೆರೆದು ಹಿಂದೆ ಕಾಣುವ ಹಿಸ್ಟೋಗ್ರಾಮ್ ನೋಡಿ. ಎಡ ತುದಿ ಖಾಲಿ ಇದೆಯಾ, ಇಲ್ಲವಾ? ಎರಡೂ ಫೋಟೋದ್ದು ನೋಡಿ ಹೇಳಿ.

ಕೇಳಿದವರು: ರೈಲಿನ ಫೋಟೋದಲ್ಲಿ ಸುಮಾರು 65ರವರೆಗೆ ಏನೂ ಇಲ್ಲ. ಅಲ್ಲಿಂದ ಶುರುವಾಗಿ 230ರ ಹತ್ತಿರ ಮುಗಿಯುತ್ತದೆ. ಹಳೇಬೀಡಿನದು 4ರಿಂದ 250ರವರೆಗೂ ಹರಡಿದೆ, ಆದರೆ ನಡುವೆ 80ರಿಂದ 130ರೊಳಗೆ ಒಂದೇ ದೊಡ್ಡ ಗುಡ್ಡೆ.

ಹಾಸನದ ಸ್ಟುಡಿಯೋದವರು: ಅದೇ ವ್ಯತ್ಯಾಸ. ರೈಲಿನ ಗಾಜು ಫೋಟೋದ ಎಲ್ಲ ಕಡೆಗೂ ಒಂದಿಷ್ಟು ಬೆಳಕು ಸೇರಿಸುತ್ತದೆ. ಬೋಗಿಯೊಳಗಿನ ದೀಪ, ಎದುರು ಕೂತವರ ಬಿಳಿ ಶರ್ಟು ಗಾಜಿನಲ್ಲಿ ಪ್ರತಿಫಲಿಸುತ್ತವೆ. ಹೊರಗಿನ ಧೂಳು, ನೀರಿನ ಪೊರೆ ಮೋಡದ ಬೆಳಕನ್ನು ಚದುರಿಸುತ್ತವೆ. ಸೇರಿದ ಬೆಳಕು ಮೋಡದ ಮೇಲೆ ಗೊತ್ತಾಗುವುದಿಲ್ಲ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಹಾಗಾಗಿ ಅಲ್ಲಿ ಮಾಡಬೇಕಾದ್ದು ಕಳೆಯುವ ಕೆಲಸ. ಹಳೇಬೀಡಿನಲ್ಲಿ ಕಪ್ಪು ಕಳೆದುಹೋಗಿಲ್ಲ. ಕೆತ್ತನೆಯ ಆಳದ ಸಂದುಗಳಲ್ಲಿ ಅದು ಇದ್ದೇ ಇದೆ. ಮೋಡದ ಬೆಳಕು ನಾಲ್ಕೂ ಕಡೆಯಿಂದ ಬಿದ್ದು ಕಲ್ಲಿನ ಉಬ್ಬು ತಗ್ಗು ಒಂದೇ ಥರ ಆಗಿವೆ, ಅಷ್ಟೇ. ಅಲ್ಲಿ ತುದಿ ಮುಟ್ಟಬಾರದು. ನಡುವೆ ಮಾತ್ರ ಏರು ಕೊಡಬೇಕು.

ಮೊದಲು ರೈಲಿನದು. ಆ ಘಾಟಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ ಇವೆ. ನಿಮ್ಮ ಯಾವುದಾದರೂ ಫೋಟೋದಲ್ಲಿ ತಿರುವಿನಾಚೆಯ ಸುರಂಗದ ಬಾಯಿ ಕಾಣುತ್ತದಾ? ಕಾಣಿಸಿದರೆ ಕಲರ್ ಪಿಕರ್‌ನಿಂದ ಅದರ ಒಳಗೆ ಒತ್ತಿ, R, G, B ಎಷ್ಟೆಂದು ಹೇಳಿ.

ಕೇಳಿದವರು: ಒಂದರಲ್ಲಿ ಇದೆ. R 68, G 78, B 84.

ಹಾಸನದ ಸ್ಟುಡಿಯೋದವರು: ಸುರಂಗದ ಒಳಗೆ ಬೆಳಕಿಲ್ಲ. ಅದು ಹತ್ತಿರ ಹತ್ತಿರ 0 ಇರಬೇಕಿತ್ತು. ಅಂದರೆ ಈ ಮೂರು ಅಂಕೆ ಹೆಚ್ಚುಕಮ್ಮಿ ಗಾಜು ಸೇರಿಸಿದ ಬೆಳಕೇ. ನೀಲಿ ಜಾಸ್ತಿ, ಕೆಂಪು ಕಮ್ಮಿ. ಅದಕ್ಕೇ ಕಾಡು ಹಸಿರಾಗದೆ ನೀಲಿ ಬೂದಿಯಾಗಿದೆ.

ಲೇಯರ್ ಡೂಪ್ಲಿಕೇಟ್ ಮಾಡಿಕೊಳ್ಳಿ. Curves ತೆರೆದು Channel ಅನ್ನು Red ಮಾಡಿ. ಎಡ ಕೆಳಮೂಲೆಯ ಚುಕ್ಕೆಯನ್ನು ತಳದಲ್ಲೇ ಬಲಕ್ಕೆ 62ರವರೆಗೆ ಸರಿಸಿ. Greenನಲ್ಲಿ 72, Blueನಲ್ಲಿ 78. ಮೂರರಲ್ಲೂ ಆರಾರು ಕಮ್ಮಿ ಹಿಡಿದಿದ್ದೇನೆ. ಸುರಂಗದ ಬಾಯಿಯ ಕಲ್ಲು ಪೂರ್ತಿ ಮಸಿಯಲ್ಲಿ ಮುಳುಗಬಾರದು ಅಂತ. ಬಣ್ಣ ಇಲ್ಲೇ ಅರ್ಧ ಸರಿಹೋಗುತ್ತದೆ.

ಮೇಲಿನ ಚುಕ್ಕೆಯನ್ನು 230ಕ್ಕೆ ತರಬೇಡಿ. 245ರ ಹತ್ತಿರ ನಿಲ್ಲಿಸಿ. ಮಳೆಗಾಲದ ಮೋಡ ಬಿಳಿ ಕಾಗದವಲ್ಲ, ಅದರಲ್ಲಿ ಬೂದಿ ಇರಬೇಕು.

ಈಗ ಫೋಟೋ ಕತ್ತಲಾಗುತ್ತದೆ, ಗಾಬರಿಯಾಗಬೇಡಿ. ಕಪ್ಪಿನ ತುದಿ ಸುಮಾರು 70ಕ್ಕೆ ಬಂದರೆ 120ರಲ್ಲಿದ್ದ ಎಲೆ 73ಕ್ಕೆ ಇಳಿಯುತ್ತದೆ. ಆದ್ದರಿಂದ ಮೂರೂ ಚಾನಲ್‌ಗಳ ಗೆರೆಯ ಮೇಲೆ 120ರ ಹತ್ತಿರ ಒಂದೊಂದು ಚುಕ್ಕೆ ಹಾಕಿ, ಪ್ರತಿಯೊಂದನ್ನೂ ಒಂದೇ ಅಳತೆಯಲ್ಲಿ, ಹತ್ತು ಹನ್ನೆರಡರಷ್ಟು ಮೇಲೆತ್ತಿ. ಎಲೆ 85ರ ಆಸುಪಾಸು ನಿಲ್ಲುತ್ತದೆ. ಅಷ್ಟರಲ್ಲಿ ಹತ್ತಿರದ ಮರಗಳು ಒಂದರಿಂದೊಂದು ಬಿಡಿಸಿಕೊಂಡು ಕಾಣುತ್ತವೆ.

ನಿಮ್ಮ ಕಾಂಟ್ರಾಸ್ಟ್ ಸ್ಲೈಡರ್ ಯಾಕೆ ಸೋತಿತು ಅಂತ ಈಗ ಗೊತ್ತಾಗಿರಬೇಕು. ಅದು ನಡುವಿನ 128ನ್ನು ಹಿಡಿದು ಆಚೆ ಈಚೆ ತಳ್ಳುತ್ತದೆ. ನಿಮ್ಮ ಕಾಡು ಇರುವುದೇ ಆ ನಡುವಿನ ಹತ್ತಿರ, ಹಾಗಾಗಿ ಅದು ಅಲುಗುವುದಿಲ್ಲ. ಮೋಡ 200ರ ಮೇಲಿದೆ, ಅದು ಮೊದಲು ಬಿಳಿಯಾಗಿಬಿಡುತ್ತದೆ.

ಫೋನಲ್ಲೇ ಎಡಿಟ್ ಮಾಡುವ ಒಬ್ಬರು: Snapseedನ Curvesನಲ್ಲೂ ಇದೇ ಬರುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ಇವೆ. ಅಂಕೆ ನೋಡಿ ಹಾಕುವುದು ಕಷ್ಟ, ಬೆರಳಿನಲ್ಲಿ ಅಂದಾಜಿಗೆ ಎಳೆಯಬೇಕು. ನಾನು ಸುರಂಗದಂಥ ಒಂದು ಕಪ್ಪು ಜಾಗವನ್ನು ಜೂಮ್ ಮಾಡಿಕೊಂಡು, ಅಲ್ಲಿ ನೀಲಿ ಛಾಯೆ ಹೋಗುವವರೆಗೆ ಎಳೆಯುತ್ತೇನೆ.

ಧಾರವಾಡದಿಂದ ಒಬ್ಬರು: ನನ್ನದೂ ಗಾಜಿನ ಸಮಸ್ಯೆನೇ. ನಮ್ಮ ಅಜ್ಜನ ಕಟ್ಟು ಹಾಕಿದ ಹಳೇ ಫೋಟೋ ಇದೆ. ಗಾಜಿನ ಮೇಲಿಂದಲೇ ಫೋನಲ್ಲಿ ತೆಗೆದೆ. ಮುಖದ ಮೇಲೆ ಟ್ಯೂಬ್‌ಲೈಟ್ ಗೆರೆ ಬಿದ್ದಿದೆ. ಕರ್ವ್ಸ್‌ನಲ್ಲಿ ಕಪ್ಪು ಎಳೆದೆ, ಗೆರೆ ಇನ್ನೂ ಜೋರಾಯಿತು.

ಹಾಸನದ ಸ್ಟುಡಿಯೋದವರು: ಅದು ಬೇರೆ ವಿಷಯ ಸಾರ್. ಎಲ್ಲ ಕಡೆ ಸಮನಾಗಿ ಹರಡಿದ ಬೆಳಕನ್ನು ಕಳೆಯಬಹುದು. ಆಕಾರ ಇರುವ ಪ್ರತಿಬಿಂಬವನ್ನು ಕರ್ವ್ಸ್ ಅಳಿಸುವುದಿಲ್ಲ, ಎದ್ದು ಕಾಣಿಸುತ್ತದೆ. ಲೈಟ್ ಆರಿಸಿ, ಕಟ್ಟನ್ನು ಕಿಟಕಿಗೆ ಅಡ್ಡವಾಗಿಟ್ಟು, ನೀವು ಕಪ್ಪು ಬಟ್ಟೆ ಹೊದ್ದು ಮತ್ತೆ ತೆಗೆಯಿರಿ. ಹಿಂದಿನ ರಟ್ಟು ಬಿಚ್ಚಿ ಗಾಜು ತೆಗೆಯಬಹುದು, ಆದರೆ ಹಳೇ ಪ್ರಿಂಟ್ ಗಾಜಿಗೆ ಅಂಟಿಕೊಂಡಿದ್ದರೆ ಮುಟ್ಟಬೇಡಿ. ಎಮಲ್ಶನ್ ಕಿತ್ತು ಬರುತ್ತದೆ.

ರೈಲಿನಲ್ಲೂ ಇದೇ. ಫೋನನ್ನು ಗಾಜಿಗೆ ಒತ್ತಿ ಹಿಡಿದು ಸುತ್ತ ಕಪ್ಪು ಟವೆಲ್ ಮುಚ್ಚಿದರೆ ಬೋಗಿಯ ಬೆಳಕು ಸೇರುವುದೇ ಇಲ್ಲ.

ಮಡಿಕೇರಿಯಿಂದ ಒಬ್ಬರು: ಒಂದು ಮಾತು. ಸುರಂಗ ಕಪ್ಪಾಗಲಿ, ಸರಿ. ಆದರೆ ಹಿಂದಿನ ಬೆಟ್ಟದ ಮೇಲಿರುವುದು ಗಾಜಿನ ಮಂಕಲ್ಲ, ನಿಜವಾದ ಮಂಜು. ನೀವು ಒಂದೇ ಕರ್ವ್ ಹಾಕಿದರೆ ಅದೂ ಹೋಗುತ್ತದೆ. ದೂರದ ಸಾಲು ಹತ್ತಿರದ ಸಾಲಿನಷ್ಟೇ ಕಪ್ಪಾದರೆ ಫೋಟೋದಲ್ಲಿ ದೂರವೇ ಇರುವುದಿಲ್ಲ. ಆಳ ಬೇಕು ಅಂತ ಹೊರಟು ಆಳವನ್ನೇ ತೆಗೆದ ಹಾಗಾಗುತ್ತದೆ. ನಾನು ನಮ್ಮೂರಿನ ಮಳೆಗಾಲದ ಫೋಟೋಗಳಲ್ಲಿ ಕಪ್ಪನ್ನು ಖಾಲಿ ಜಾಗದ ಅರ್ಧದಷ್ಟು ಮಾತ್ರ ಎಳೆಯುತ್ತೇನೆ.

ಹಾಸನದ ಸ್ಟುಡಿಯೋದವರು: ಮಂಜಿನ ಮಾತು ಒಪ್ಪುತ್ತೇನೆ. ಆದರೆ ಅರ್ಧ ಎಳೆದರೆ ಹತ್ತಿರದ ಮರಗಳ ಮೇಲೆ ಗಾಜಿನ ಬೂದಿ ಅರ್ಧ ಉಳಿಯುತ್ತದೆ. ಪೂರ್ತಿ ಎಳೆಯಿರಿ, ದೂರಕ್ಕೆ ಮಾಸ್ಕ್ ಹಾಕಿ. ಡೂಪ್ಲಿಕೇಟ್ ಲೇಯರ್‌ಗೆ Layer > Mask > Add Layer Masks ಕೊಟ್ಟು, Grayscale copy of layer ಮತ್ತು Invert mask ಆರಿಸಿ. ಮಂಜು ಬೆಳ್ಳಗಿರುವುದರಿಂದ ಮಾಸ್ಕ್‌ನಲ್ಲಿ ಅದು ಕಪ್ಪಾಗುತ್ತದೆ, ಅಲ್ಲಿ ಕರ್ವ್ ಕಮ್ಮಿ ಹತ್ತುತ್ತದೆ. ಹತ್ತಿರದ ಕಾಡಿಗೆ ಜಾಸ್ತಿ ಹತ್ತುತ್ತದೆ. ಮಾಸ್ಕ್ ಸಪ್ಪೆ ಇದ್ದರೆ ಅದಕ್ಕೂ ಕಾಂಟ್ರಾಸ್ಟ್ ಕೊಡಿ. ಆಮೇಲೆ ಮಾಸ್ಕ್ ಮೇಲೆ ನಿಂತು ದೊಡ್ಡ Gaussian Blur ಕೊಡಿ. ಇಲ್ಲದಿದ್ದರೆ ಒಂದೊಂದು ಎಲೆಯಲ್ಲೂ ಕಾಂಟ್ರಾಸ್ಟ್ ತಿಂದುಹಾಕುತ್ತದೆ.

ಮಡಿಕೇರಿಯಿಂದ ಒಬ್ಬರು: ಬ್ಲರ್ ಮಾಡಿದರೆ ಮಂಜಿನ ಮುಂದೆ ಎದ್ದು ನಿಂತ ಮರದ ತುದಿಗೆ ಬಿಳಿ ಅಂಚು ಬರುತ್ತದೆ. ನೋಡಿದ್ದೇನೆ. ನನಗೆ ಆ ಅಂಚಿಗಿಂತ ಸ್ವಲ್ಪ ಬೂದಿ ಇರುವುದೇ ಇಷ್ಟ.

ಹಾಸನದ ಸ್ಟುಡಿಯೋದವರು: ಬರುತ್ತದೆ, ಇಲ್ಲ ಅನ್ನುವುದಿಲ್ಲ. ಬ್ಲರ್ ಕಮ್ಮಿ ಮಾಡಿದರೆ ಅಂಚು ಸಣ್ಣದಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ ಮರದ ತುದಿಗೆ ಮಾಸ್ಕ್ ಮೇಲೆ ಕೈಯಲ್ಲೇ ಬಿಳಿ ಬ್ರಶ್ ಆಡಿಸಬೇಕು.

ಕೇಳಿದವರು: ಮಾಡಿದೆ! ಕಾಡು ಹಸಿರಾಯಿತು, ಕಣಿವೆ ಕೆಳಗಿಳಿದ ಹಾಗೆ ಕಾಣುತ್ತಿದೆ. ಆದರೆ ಮೋಡದಲ್ಲಿ ಪಟ್ಟೆ ಪಟ್ಟೆ ಬಂದಿದೆ. ನಾನು ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕರ್ವ್ಸ್ ಹಾಕಿದ್ದೆ. ಅದಕ್ಕೇನಾ?

ಹಾಸನದ ಸ್ಟುಡಿಯೋದವರು: ಅದೂ ಒಂದು ಕಾರಣ. ಫೋನಿನ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಫೋಟೋ ಅದರಲ್ಲಿ ಬಳಸಿದ್ದು 165ರಷ್ಟು. ಅದನ್ನು ಹಿಗ್ಗಿಸಿದರೆ ನಡುವೆ ಖಾಲಿ ಬಿಡುತ್ತದೆ. ಹಿಸ್ಟೋಗ್ರಾಮ್ ಮತ್ತೆ ತೆರೆದರೆ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಎಲೆಯಲ್ಲಿ ಅದು ಗೊತ್ತಾಗುವುದಿಲ್ಲ, ನುಣುಪಾದ ಮೋಡದಲ್ಲಿ ಪಟ್ಟೆಯಾಗಿ ಬರುತ್ತದೆ. ಪ್ರತಿ ಸಲವೂ ಅಂಕೆ ದುಂಡಗಾಗುವುದರಿಂದ ಇನ್ನೂ ಹೆಚ್ಚುತ್ತದೆ. ಮೂಲ ಫೋಟೋದಿಂದ ಮತ್ತೆ ಶುರು ಮಾಡಿ. ಮೊದಲು Image > Precision ನಲ್ಲಿ 16 bit ಮಾಡಿಕೊಳ್ಳಿ. ಆಗ Curvesನಲ್ಲಿ ಅಂಕೆ 255ರ ಬದಲು 100ರ ಲೆಕ್ಕದಲ್ಲಿ ಕಾಣುತ್ತದೆ, ನಾನು ಹೇಳಿದ ಅಂಕೆಗಳನ್ನು 2.55ರಿಂದ ಭಾಗಿಸಿ ಹಾಕಿ. ಕಳೆದ ಮೆಟ್ಟಿಲು ವಾಪಸ್ ಬರುವುದಿಲ್ಲ, ಮುಂದೆ ಹಾಳಾಗುವುದು ತಪ್ಪುತ್ತದೆ. ಎಲ್ಲವನ್ನೂ ಒಂದೇ ಸಲದ ಕರ್ವ್ಸ್‌ನಲ್ಲಿ ಮುಗಿಸಿ, 200ರ ಮೇಲೆ ಗೆರೆ ಕಡಿದಾಗಿ ಏರದಂತೆ ನೋಡಿಕೊಳ್ಳಿ. ಫೋನಲ್ಲಿ ರಾ ಇದ್ದರೆ ಮುಂದಿನ ಸಲ ಅದರಲ್ಲೇ ತೆಗೆಯಿರಿ.

ಇನ್ನು ಹಳೇಬೀಡು. ತುದಿಗಳನ್ನು ಬಿಡಿ. Valueನಲ್ಲೇ 80ರ ಹತ್ತಿರ ಚುಕ್ಕೆ ಹಾಕಿ 68ಕ್ಕೆ ಇಳಿಸಿ. 130ರಲ್ಲಿ ಇನ್ನೊಂದು ಹಾಕಿ 150ಕ್ಕೆ ಏರಿಸಿ. ಕಲ್ಲು ಇರುವುದು ಆ 50 ಮೆಟ್ಟಿಲಲ್ಲಿ, ಅದು 82 ಆಯಿತು. ಬದಲಿಗೆ ಸಂದಿನ ನೆರಳು, ಆಕಾಶ ಎರಡರಲ್ಲೂ ಗೆರೆ ಸ್ವಲ್ಪ ಮಟ್ಟಸವಾಗುತ್ತದೆ, ಅಲ್ಲಿ ವಿವರ ಸ್ವಲ್ಪ ಒತ್ತಿ ಹೋಗುತ್ತದೆ. ಅಲ್ಲಿ ನಮಗೆ ಬೇಕಾದ್ದೇನೂ ಇಲ್ಲ, ಅಲ್ವಾ?

ಕೇಳಿದವರು: ಕೆತ್ತನೆ ಎದ್ದು ಬಂತು. ಆದರೆ ಕಲ್ಲು ಕಂದು ತಿರುಗಿದೆ. ಅಲ್ಲಿ ನೋಡಿದ್ದು ಬೂದು ಹಸಿರು.

ಹಾಸನದ ಸ್ಟುಡಿಯೋದವರು: ಮೂರೂ ಬಣ್ಣಕ್ಕೆ ಒಂದೇ ಏರು ಕೊಟ್ಟಾಗ ಅವುಗಳ ನಡುವಿನ ಅಂತರವೂ ಹಿಗ್ಗುತ್ತದೆ. ಫೋಟೋದಲ್ಲಿ ಚೂರೇ ಚೂರು ಇದ್ದ ಕೆಂಪು ಎದ್ದು ಬಂದಿದೆ. ಆ ಲೇಯರ್‌ನ Mode ಅನ್ನು LCh Lightness ಮಾಡಿ. ಬೆಳಕು ಮಾತ್ರ ಬದಲಾಗುತ್ತದೆ, ಬಣ್ಣ ಕೆಳಗಿನ ಮೂಲ ಲೇಯರ್‌ನದೇ ಉಳಿಯುತ್ತದೆ. ರೈಲಿನ ಫೋಟೋಗೆ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ಗಾಜಿನ ನೀಲಿ ಹೋಗಬೇಕಲ್ಲ, ಈ ಮೋಡ್ ಹಾಕಿದರೆ ಅದು ಹಾಗೇ ಉಳಿಯುತ್ತದೆ.

ಮಡಿಕೇರಿಯಿಂದ ಒಬ್ಬರು: ಮೂಲ ಫೋಟೋದಲ್ಲೇ ಫೋನು ಕೆಂಪು ಸೇರಿಸಿದ್ದರೆ?

ಹಾಸನದ ಸ್ಟುಡಿಯೋದವರು: ಆಗ ಮೊದಲು ವೈಟ್ ಬ್ಯಾಲೆನ್ಸ್ ನೋಡಬೇಕು. ಮೋಡದ ಒಂದು ಬಿಳಿಯಾಗಿ ಒಡೆಯದ ಜಾಗದಲ್ಲಿ R, G, B ಎಷ್ಟಿವೆ ಅಂತ ಓದಿ ಹಾಕಿ, ಅಲ್ಲಿಂದ ಮುಂದೆ ಹೇಳುತ್ತೇನೆ.